ಅತ್ತಮ್ಮನಿಗೆ ಬಾರದ ವಾಸನೆ

ನನ್ನ ತವರು ಪಾವಗಡದ ಕಡೆ. ಅಲ್ಲಿ ಅತ್ತೆಯನ್ನು ಅತ್ತಮ್ಮ ಅನ್ನುವುದು ರೂಢಿ. ಮಧುಗಿರಿಗೆ ಸೊಸೆಯಾಗಿ ಬಂದ ಮೇಲೂ ನಾನದನ್ನು ಬಿಡಲಿಲ್ಲ. ಮೊದಮೊದಲು ಅವರು, "ಏನಮ್ಮ ನಿನ್ ತೆಲುಗು" ಎಂದು ನಗುತ್ತಿದ್ದರು. ಆಮೇಲೆ ನಾನು ಹಾಗೆ ಕರೆಯದಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅತ್ತಮ್ಮನದು ಬಜ್ಜಿ ಗಾಡಿ. ತರಕಾರಿ ಮಾರ್ಕೆಟ್ಟಿನ ಓಣಿಯಲ್ಲಿ, ಒಂದು ಹಳೇ ಕಾಂಪೌಂಡಿಗೆ ಒತ್ತಿಕೊಂಡಂತೆ ನಿಲ್ಲುತ್ತಿತ್ತು. ಮೆಣಸಿನಕಾಯಿ ಬಜ್ಜಿ, ಆಲೂಗೆಡ್ಡೆ ಬೋಂಡ, ಮಸಾಲೆ ವಡೆ. ಬಾಣಲೆಯ ಮುಂದೆ ಅವರು, ಕೊಡೋದು ತಗೊಳೋದು ನಾನು. ನನ್ನ ಗಂಡ ಬಸ್ಸು ಓಡಿಸುತ್ತಾರೆ. ಹಗಲೆಲ್ಲ ನಾವಿಬ್ಬರೇ.

ಸಿಲಿಂಡರನ್ನು ಗಾಡಿಗೂ ಕಾಂಪೌಂಡಿಗೂ ನಡುವೆ ತುರುಕಿಟ್ಟಿದ್ದೆವು. ಸಂತೆಯ ದಿನ ಜನ ಎಷ್ಟು ನುಗ್ಗುತ್ತಾರೆಂದರೆ ಎದುರಿಗಿಟ್ಟರೆ ಯಾರಾದರೂ ಎಡವಿ ಬೀಳುತ್ತಾರೆ, ಬೈಕು ತಾಗಿಸುತ್ತಾರೆ. ಹಿಂದಿದ್ದರೆ ನಿಶ್ಚಿಂತೆ ಅಂದುಕೊಂಡಿದ್ದೆವು. ಅದರ ಮುಂದೆ ಕಡ್ಲೆಹಿಟ್ಟಿನ ಚೀಲ, ಎಣ್ಣೆ ಡಬ್ಬ. ಕೆಳಗೆ ಒಡೆದ ಚಪ್ಪಡಿ, ಅದರಡಿ ಚರಂಡಿ.

ಆ ಸಂತೆಯ ದಿನ ಮಧ್ಯಾಹ್ನ ಗಾಡಿಯ ಸುತ್ತ ಇಪ್ಪತ್ತು ಜನವಾದರೂ ಇದ್ದರು. ಪಕ್ಕದ ಮೂಲೆಯಲ್ಲಿ ಕೂತು ಹೂವು ಕಟ್ಟುವ ಹೆಂಗಸು ಇದ್ದಕ್ಕಿದ್ದಂತೆ ತಲೆ ಎತ್ತಿದಳು.

"ಅಕ್ಕ, ಗ್ಯಾಸ್ ವಾಸ್ನೆ ಬತ್ತೈತೆ. ನಿಮ್ದೇನಾ ನೋಡು."

ಅತ್ತಮ್ಮ ಬಗ್ಗಿ ಸಿಲಿಂಡರಿನ ಕಡೆ ಮುಖ ಚಾಚಿದರು. ಒಮ್ಮೆ ಉಸಿರೆಳೆದರು. "ಏನಿಲ್ಲ ಕಣಮ್ಮ, ಚರಂಡಿ ವಾಸ್ನೆ" ಎಂದು ಮತ್ತೆ ಬಜ್ಜಿ ಬಿಟ್ಟರು.

ನಾನು ತಟ್ಟೆಗೆ ಪೇಪರ್ ಹಾಕಲು ಅದೇ ಕಡೆ ಬಗ್ಗಿದೆ. ಮೂಗಿಗೆ ಹೊಡೆಯಿತು. ಚರಂಡಿಯದಲ್ಲ. ಕಣ್ಣಲ್ಲಿ ನೀರು ಬರುವಷ್ಟು ಗ್ಯಾಸು.

"ಅತ್ತಮ್ಮ, ಒಲೆಯಿಂದ ಈಚೆ ಬನ್ನಿ!"

ಸಿಲಿಂಡರ್ ಬಂದ್ ಮಾಡಲು ಕೈ ಚಾಚಿದೆ, ಎಟುಕಲಿಲ್ಲ. ಹಿಟ್ಟಿನ ಚೀಲ ಅಡ್ಡ. ಚೀಲವನ್ನು ಎಳೆದು ಬಿಸಾಕಿ, ಗೋಡೆಗೆ ಭುಜ ತರಚಿಕೊಂಡು ನುಸುಳಿ ತಿರುಪು ತಿರುಗಿಸಿದೆ. ಒಂದು ಸುತ್ತು, ಎರಡು ಸುತ್ತು. ಒಲೆಯ ಸದ್ದು ಇಳಿದು ಉರಿ ನಿಂತಿತು. ಅಷ್ಟು ಹೊತ್ತಿಗೆ ಹೂವಿನಾಕೆ ಎದ್ದು ನಿಂತು, "ಬೀಡಿ ಆರ್ಸ್ರಪ್ಪೋ! ದೂರ ಹೋಗಿ!" ಎಂದು ಕೂಗುತ್ತಿದ್ದಳು. ಎದುರಿನ ಟೀ ಗಾಡಿಯವನೂ ತನ್ನ ಒಲೆ ಆರಿಸಿದ. ಜನ ಓಣಿಯ ಬಾಯಿಯ ತನಕ ಸರಿದರು. ಕುದಿಯುವ ಎಣ್ಣೆ ಚೆಲ್ಲೀತೆಂದು ಬಾಣಲೆಯನ್ನು ಯಾರೂ ಮುಟ್ಟದಂತೆ ನಾನೇ ಕಾವಲು ನಿಂತೆ.

ಅತ್ತಮ್ಮ ಓಣಿಯ ಆ ಬದಿಯಲ್ಲಿ ಜಾಲರಿ ಸೌಟು ಹಿಡಿದುಕೊಂಡೇ ನಿಂತಿದ್ದರು. ಅವರ ಮುಖ ನೋಡಿದಾಗ ನನಗೆ ತಿಳಿದುಹೋಯಿತು.

ಗ್ಯಾಸ್ ಏಜೆನ್ಸಿಯಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ವಾಸನೆ ಹೋಗಿತ್ತು. ಆತ ಮೊದಲು ಸಿಲಿಂಡರನ್ನು ಬಯಲಿಗೆ ತೆಗೆಸಿದ. ಆಮೇಲೆ ಪೈಪನ್ನು ಬಿಚ್ಚಿ ಬೆರಳಲ್ಲಿ ಮಡಿಸಿ ತೋರಿಸಿದ. ಮೇಲ್ಗಡೆ ನೋಡಿದರೆ ಚೆನ್ನಾಗಿಯೇ ಇತ್ತು. ಒಲೆಯ ಹತ್ತಿರ, ಕ್ಲಿಪ್ಪಿನ ಪಕ್ಕದಲ್ಲಿ ಬಾಗಿದ ಕಡೆ, ಅಡಿಯಲ್ಲಿ ಸಣ್ಣ ಸಣ್ಣ ಸೀಳು. ಪೈಪಿನ ಮೇಲೆ ಅಚ್ಚಾಗಿದ್ದ ಅವಧಿ ಎಣ್ಣೆ ಜಿಡ್ಡಿನಲ್ಲಿ ಅಳಿಸಿಯೇ ಹೋಗಿತ್ತು.

"ಕಾವಿಗೆ ಸುಟ್ಟು ಬಿರುಸಾಗೈತೆ ಅಮ್ಮ. ಅದಿರ್ಲಿ, ಸಿಲಿಂಡರ್ ಯಾಕೆ ಆ ಸಂದೀಲಿಟ್ರಿ? ಈ ಗ್ಯಾಸು ಗಾಳಿಗಿಂತ ಭಾರ. ಮೇಲಕ್ಕೆ ಹೋಗಲ್ಲ. ತಗ್ಗು ಹುಡುಕ್ಕೊಂಡು ಚರಂಡೀಲಿ ಕೂತ್ಕೊಳ್ತದೆ. ಎಲ್ಲೋ ಒಂದು ಕಿಡಿ ಬಿದ್ರೆ ಸಾಕು."

"ಮತ್ತೆ ಎಲ್ಲಿಡೋದಪ್ಪ? ಜನ ನೋಡಿದ್ಯಲ್ಲ" ಅಂದೆ.

"ಗಾಳಿ ಆಡೋ ಕಡೆ, ನೆಲ ಸಮ ಇರೋ ಕಡೆ, ನೆಟ್ಟಗೆ ನಿಲ್ಸಿ. ಒಲೆ ಕಾವು ತಾಗ್ಬಾರ್ದು, ಜನ ಓಡಾಡೋ ಕಡೆ ಇರ್ಬಾರ್ದು. ಬಂದ್ ಮಾಡೋಕೆ ಮಾತ್ರ ನಿಮ್ ಕೈಗೆ ಸಟ್ನೆ ಸಿಗ್ಬೇಕು."

ಆ ಓಣಿಯಲ್ಲಿ ಅಂಥ ಜಾಗ ಒಂದೇ ಒಂದಿತ್ತು. ಹಿಂದೆ ಬಯಲು, ಚರಂಡಿಯಿಂದ ದೂರವಿದ್ದ ಆ ಮೂಲೆ. ಹೂವಿನಾಕೆಯದು. ನಾವು ಕೇಳಲಿಲ್ಲ, ಕೇಳುವುದಕ್ಕೆ ಬಾಯಿ ಬರಲಿಲ್ಲ. ಮೂಲೆ ಅಂದರೆ ಎರಡು ಕಡೆಯ ಗಿರಾಕಿ. ಆಕೆ ಸುಮ್ಮನೆ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ನಮ್ಮ ಗೋಡೆಯ ಬುಡಕ್ಕೆ ಇಡತೊಡಗಿದಳು.

"ಏನೇ ಇದು?" ಅಂದರು ಅತ್ತಮ್ಮ.

"ಹೂವಿಗೆ ನೆಳ್ಳು ಬೇಕಕ್ಕ. ಇಲ್ಲಿ ಗೋಡೆ ನೆಳ್ಳೈತೆ. ನಿನ್ ಗಾಡಿ ತಳ್ಕೊಂಡು ಹೋಗು ಅತ್ಲಾಗೆ."

ಗಾಡಿಯನ್ನು ಆ ಮೂಲೆಗೆ ತಳ್ಳಿದೆವು, ಆದರೆ ಅಂದು ಮತ್ತೆ ಒಲೆ ಹಚ್ಚಲಿಲ್ಲ. ಮನೆಗೆ ಬಂದು ಅತ್ತಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ.

"ಯಾವಾಗಿಂದ ಅತ್ತಮ್ಮ?"

"ಊರಿಗೆಲ್ಲ ಆ ಜ್ವರ ಬಂದು ವಾಸ್ನೆ ಹೋಗಿತ್ತಲ್ಲ, ಆವಾಗ್ಲಿಂದ. ಎಲ್ರಿಗೂ ವಾಪಸ್ ಬಂತು, ನಂಗೆ ಬರ್ಲಿಲ್ಲ. ಎಣ್ಣೆ ಕಾದಿದ್ದು ಕಣ್ಣಲ್ಲಿ ನೋಡಿ ಹೇಳ್ತೀನಿ. ಇಂಗು ಅಳತೆ ಚಮಚದಲ್ಲೇ ಹಾಕ್ತೀನಿ. ನಿಮಗ್ಯಾರಿಗೂ ಗೊತ್ತಾಗ್ಲಿಲ್ಲ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಿನ್ ಗಂಡ ಗಾಡಿ ನಿಲ್ಸು ಅಂತಿದ್ದ. ಗಾಡಿ ಬುಟ್ಟು ನಾನೇನ್ ಮಾಡ್ಲಿ ಹೇಳು. ಆದ್ರೆ ಇವತ್ತು ಅಷ್ಟು ಜನ... ಯಾವ್ದೋ ಮಗು ತಾಯಿ ಸೆರಗು ಹಿಡ್ಕೊಂಡು ಬೋಂಡ ತಿಂತಿತ್ತು ಕಣಮ್ಮ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಬಾಣಲೆಯ ಮುಂದೆ ಮೂವತ್ತು ವರ್ಷ ನಿಂತ ಆ ಹೆಂಗಸು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರ ಬೆನ್ನು ಸವರುತ್ತ ಕೂತೆ.

ನನ್ನ ಗಂಡ ಬಂದು ಎಲ್ಲ ಕೇಳಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಗಾಡಿ ನಿಲ್ಲಲ್ಲ. ಪೈಪು ನೋಡೋದು ಇನ್ನು ನನ್ನ ಕೆಲಸ" ಅಂದೆ. ಅವರು ಅಮ್ಮನ ಮುಖ ನೋಡಿ, ಹೊಸ ಪೈಪಿಗೆಂದು ಜೇಬಿನಿಂದ ದುಡ್ಡು ತೆಗೆದಿಟ್ಟರು.

ಆದರೆ ಆ ಕೆಲಸವನ್ನು ಅತ್ತಮ್ಮ ನನಗೆ ಬಿಟ್ಟುಕೊಡಲಿಲ್ಲ. ಹೊಸ ಪೈಪು ಹಾಕಿದ ದಿನ ಮೆಕ್ಯಾನಿಕ್ ಸೋಪಿನ ನೊರೆಯನ್ನು ಬ್ರಶ್ಶಿನಲ್ಲಿ ಕ್ಲಿಪ್ಪಿಗೂ ರೆಗ್ಯುಲೇಟರಿಗೂ ಹಚ್ಚಿ, "ಸೋರಿದ್ರೆ ಗುಳ್ಳೆ ಏಳ್ತದೆ. ಬೆಂಕಿ ಕಡ್ಡಿ ಗೀರಿ ಮಾತ್ರ ಯಾವತ್ತೂ ನೋಡ್ಬೇಡಿ" ಅಂದಿದ್ದ. ಅತ್ತಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇದು ಕಣ್ಣಿನ ಕೆಲಸ. ಮೂಗು ಬೇಡ" ಎಂದರು, ಅವರ ದನಿಯೇ ಬೇರೆಯಾಗಿತ್ತು. ಅಂದಿನಿಂದ ದಿನಾ ಒಲೆ ಹಚ್ಚುವ ಮೊದಲು ನೊರೆ ಹಚ್ಚುವುದು ಅವರೇ. ಪೈಪನ್ನು ಉದ್ದಕ್ಕೂ ಒರೆಸಿ ಅಡಿಭಾಗವನ್ನೂ ತಿರುಗಿಸಿ ನೋಡುತ್ತಾರೆ. ಮೂಸಿ ನೋಡುವುದು ನಾನು.

ಹೋದ ವರ್ಷ ನೆಂಟರ ಗೃಹಪ್ರವೇಶಕ್ಕೆಂದು ಶಿರಾಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಗೋಬಿ ಕರಿಯುತ್ತಿದ್ದ. ಅವನ ಸಿಲಿಂಡರು ಅಡ್ಡ ಮಲಗಿತ್ತು. ಅತ್ತಮ್ಮ ನನ್ನ ಕೈ ಬಿಡಿಸಿಕೊಂಡು ನೇರ ಹೋದರು.

"ಅದನ್ನ ಎತ್ತಿ ನಿಲ್ಸಪ್ಪ."

"ಖಾಲಿ ಆಗ್ತಾ ಐತೆ ಅಮ್ಮಾ. ಮಲಗ್ಸಿದ್ರೆ ಸ್ವಲ್ಪ ಹೊತ್ತು ಬರ್ತದೆ, ಪರ್ವಾ ಇಲ್ಲ."

"ಒಳಗೆ ನೀರಿನಂಗಿರೋ ಗ್ಯಾಸೇ ಪೈಪಿಗೆ ನುಗ್ಗಿ ಒಲೆ ಭಗ್ ಅಂತದೆ. ನಂದೂ ಗಾಡಿನೇ. ನನ್ ಮಾತ್ ಕೇಳು."

ಅವನು ಮುಖ ಗಂಟಿಕ್ಕಿದ. ಆಮೇಲೆ ಏನನ್ನಿಸಿತೋ, ಒಲೆ ಆರಿಸಿ ಸಿಲಿಂಡರ್ ಎತ್ತಿ ನಿಲ್ಲಿಸಿದ. ಅತ್ತಮ್ಮ ಅವನ ತಟ್ಟೆ ತೊಳೆಯುವ ಸೋಪನ್ನೇ ಕೇಳಿ ತಗೊಂಡು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು ನೊರೆ ಮಾಡಿದರು. ಅವನೂ ಪಕ್ಕದಲ್ಲಿ ಕೂತು ನೋಡತೊಡಗಿದ.

ನಮ್ಮ ಬಸ್ಸು ಹೊರಟೇ ಹೋಯಿತು. ಅವನು ಎರಡು ಸ್ಟೂಲು ತಂದು ಹಾಕಿ, "ಬೈಠೋ ಅಮ್ಮಾ, ಮುಂದಿನ ಬಸ್ ನಾನೇ ಕೈ ಅಡ್ಡ ಹಾಕಿ ನಿಲ್ಲಿಸ್ತೀನಿ" ಎಂದ.