ಬೂದು ಬಣ್ಣದ ಮನೆ

ಜಯನಗರದಲ್ಲಿ ನಾನು ಕೆಲಸ ಮಾಡುವ ಟ್ರಸ್ಟ್, ವಾಸಿಯಾಗದ ಕಾಯಿಲೆಯವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಹೋಗಿ, ನೋಡಿ, ಮುಂದಿನ ಹದಿನೈದು ದಿನಕ್ಕಾಗುವಷ್ಟು ನೋವಿನ ಮಾತ್ರೆ ಕೊಟ್ಟು ಬರುತ್ತಾರೆ. ಯಾರ ಮನೆಗೆ ಯಾವಾಗ ಹೋಗಬೇಕು ಎಂಬುದೆಲ್ಲ ಹಿರಿಯ ಸಿಸ್ಟರ್ ಒಬ್ಬರು ವರ್ಷಗಟ್ಟಲೆ ತುಂಬಿಸಿದ ಎಕ್ಸೆಲ್ ಶೀಟಿನಲ್ಲಿತ್ತು. ಅವರು ನಿವೃತ್ತರಾದ ತಿಂಗಳೇ ಹೊಸ ಸಾಫ್ಟ್‌ವೇರ್ ಬಂತು. ಶೀಟನ್ನು ಅದಕ್ಕೆ ಒಗ್ಗಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ತೆರೆದು ನೋಡಿದರೆ ಅದು ಶೀಟಲ್ಲ, ಹಬ್ಬದ ರಂಗೋಲಿ. ಹನ್ನೊಂದು ಸಾಲುಗಳ ಸೆಲ್‌ಗಳನ್ನು, ಅಂದರೆ ಚೌಕಗಳನ್ನು, ಒಂದು ಮಾಡಿ ನಡುವೆ 'ಶ್ರೀನಗರ' ಎಂದು ಬರೆದಿದ್ದರು. ಅದರ ಪಕ್ಕದಲ್ಲಿ ಮನೆ ವಿಳಾಸ, ಆಮೇಲೆ ಹೆಸರು. ಒಂದೇ ಮನೆಯಲ್ಲಿ ಇಬ್ಬರು ರೋಗಿಗಳಿದ್ದರೆ ವಿಳಾಸದ ಸೆಲ್ ಕೂಡ ಒಂದೇ. ಮೇಲೆ ಹಸಿರು, ಹಳದಿ, ಬೂದು. ಯಾವ ಬಣ್ಣಕ್ಕೆ ಏನರ್ಥ ಎಂದು ಎಲ್ಲೂ ಬರೆದಿರಲಿಲ್ಲ. ಸಾಫ್ಟ್‌ವೇರ್‌ಗೋ ಬಣ್ಣ ಕಾಣುವುದಿಲ್ಲ. ಒಬ್ಬ ರೋಗಿಗೆ ಒಂದು ಸಾಲು, ಪ್ರತಿ ಸಾಲಿನಲ್ಲೂ ಬಡಾವಣೆ, ಮನೆ, ಹೆಸರು, ಸ್ಥಿತಿ, ಎಲ್ಲವೂ ಅಕ್ಷರದಲ್ಲೇ ಇರಬೇಕು.

"ಸಿಸ್ಟರ್‌ಗೆ ಒಂದ್ಸಲ ಫೋನ್ ಮಾಡಿ ಕೇಳ್ಬಿಡಿ ಮೇಡಂ," ಎಂದರು ನಮ್ಮ ಡಾಕ್ಟರು.

"ಇದ್ರಲ್ಲಿ ಕೇಳೋಕೇನಿದೆ ಸಾರ್?" ಎಂದೆ. ನನ್ನ ಜಂಬಕ್ಕೆ ಅವತ್ತು ಮಿತಿಯಿರಲಿಲ್ಲ.

ಮೊದಲು ಫೈಲಿನ ಪ್ರತಿ ಮಾಡಿಕೊಂಡೆ. ಸೇರಿಸಿದ ಸೆಲ್‌ಗಳನ್ನೆಲ್ಲ ಬಿಡಿಸಿದೆ. ಬಿಡಿಸಿದಾಗ ಬರಹ ಮೇಲಿನ ಸೆಲ್‌ನಲ್ಲಿ ಮಾತ್ರ ಉಳಿದು, ಕೆಳಗಿನವು ಖಾಲಿಯಾಗುತ್ತವೆ. ಆ ಖಾಲಿ ಸೆಲ್‌ಗಳನ್ನಷ್ಟೇ ಆಯ್ದು, ಮೇಲಿನದನ್ನೇ ಕೆಳಗಿಳಿಸಿ ತುಂಬಿಸಿದೆ. ಬಣ್ಣಗಳನ್ನು ಅಕ್ಷರಕ್ಕಿಳಿಸಲು ಮನೆಯ ಕಾಲಂ ಹಿಡಿದು ಒಂದೊಂದೇ ಬಣ್ಣದ ಸಾಲುಗಳಷ್ಟೇ ಕಾಣುವಂತೆ ಫಿಲ್ಟರ್ ಮಾಡಿದೆ. ಬೂದು ಎಂದರೆ ತೀರಿಕೊಂಡವರು ಎಂದು ನಾನೇ ಊಹಿಸಿ, ಬೂದು ಬಂದ ಸಾಲುಗಳಿಗೆಲ್ಲ 'ನಿಧನ' ಎಂದು ತುಂಬಿದೆ. ಐದಾರು ಹೆಸರುಗಳನ್ನು ಹಳೆಯ ಕಡತದೊಂದಿಗೆ ತಾಳೆ ನೋಡಿದೆ, ಎಲ್ಲವೂ ಸರಿಯಿದ್ದವು. ಸಂಜೆಯ ಹೊತ್ತಿಗೆ ಶೀಟು ತೊಳೆದಿಟ್ಟ ತಟ್ಟೆಯ ಹಾಗಿತ್ತು.

ತಿಂಗಳ ಮೇಲೆ ಸಿಸ್ಟರೇ ಫೋನ್ ಮಾಡಿದರು. ಕ್ಷೇಮ ಸಮಾಚಾರ ಮುಗಿಸಿ, ರೋಗಿಯೊಬ್ಬರ ಹೆಸರು ಹೇಳಿ, "ಶ್ರೀನಗರದ ನಮ್ಮಜ್ಜಿ ಹೇಗಿದಾರಮ್ಮಾ?" ಎಂದು ಕೇಳಿದರು.

ನಾನು ಹೊಸ ಪಟ್ಟಿಯಲ್ಲಿ ಹುಡುಕಿ ನೋಡಿ, "ಅವರು ಹೋಗ್ಬಿಟ್ರಲ್ಲ ಸಿಸ್ಟರ್," ಎಂದೆ.

"ಅಯ್ಯೋ! ಯಾವಾಗ? ನಂಗ್ಯಾರೂ ಹೇಳ್ಲೇ ಇಲ್ಲ!"

"ನಿಮ್ಮ ಶೀಟಲ್ಲೇ ಬೂದು ಬಣ್ಣ ಇತ್ತಲ್ಲ."

"ಹೋಗಿದ್ದು ಅವರ ಯಜಮಾನ್ರು ಕಣಮ್ಮಾ. ಮನೆ ಬೂದು ಅಂದ್ರೆ ಆ ಮನೇಲಿ ಸಾವಾಗಿದೆ ಅಂತ. ಹೊಸ ನರ್ಸ್ ಹೋದ್ರೆ, ಯಜಮಾನ್ರು ಹೇಗಿದಾರೆ ಅಂತ ಕೇಳಿ ಅವರನ್ನ ಅಳಿಸ್ಬಾರ್ದು ನೋಡು, ಅದಕ್ಕೆ. ಯಾರು ಹೋದ್ರು ಅನ್ನೋದನ್ನ ಹೆಸರಿನ ಮೇಲೆ ನೋಡ್ಬೇಕು."

ಹಳೆಯ ಫೈಲ್ ತೆರೆದೆ. ಅಜ್ಜನ ಹೆಸರು ಬೂದು, ಅಜ್ಜಿಯ ಹೆಸರು ಬಿಳಿ. ಇಬ್ಬರಿಗೂ ಸೇರಿದ ಮನೆಯ ಸೆಲ್ ಬೂದು. ಬಿಡಿಸಿದಾಗ ಆ ಬಣ್ಣ ಎರಡೂ ಸಾಲಿಗೆ ಹಂಚಿಕೊಂಡಿತ್ತು. ನಾನು ತಾಳೆ ನೋಡಿದ್ದೆಲ್ಲ ಒಬ್ಬರೇ ರೋಗಿಯಿದ್ದ ಮನೆಗಳು; ಅಲ್ಲಿ ಮನೆ, ಹೆಸರು ಎರಡೂ ಬೂದೇ ಆಗಿದ್ದರಿಂದ ತಪ್ಪು ಸಿಕ್ಕಿರಲಿಲ್ಲ. ಎರಡು ಭೇಟಿ ತಪ್ಪಿದ್ದವು. ಮಾತ್ರೆ ಮುಗಿದೇ ಎರಡು ವಾರದ ಮೇಲಾಗಿತ್ತು.

ನರ್ಸ್ ಜೊತೆ ಆಟೋ ಹತ್ತಿ ನಾನೂ ಹೋದೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದರು. ಕೆಳತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು.

"ಒಂದು ಫೋನ್ ಮಾಡಬಾರದಿತ್ತಾ ಅಜ್ಜಿ?" ಎಂದೆ. ತಪ್ಪು ನನ್ನದಿದ್ದರೂ ಕೇಳಿದ ದನಿಯಲ್ಲಿ ಗದರಿಕೆಯಿತ್ತು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

"ಅವ್ರು ಹೋದ್ಮೇಲೆ ನೀವೂ ಬರೋದು ನಿಲ್ಸಿದ್ರಿ ಅನ್ಕೊಂಡೆ ಕಣವ್ವಾ. ಅವ್ರಿಗೋಸ್ಕರ ತಾನೆ ಮೊದಲು ಬರ್ತಿದ್ದಿದ್ದು," ಎಂದರು.

ಕೈ ಹಿಡಿದುಕೊಂಡು, ತಪ್ಪು ನನ್ನದು ಎಂದು ಹೇಳಿದೆ. ಸೆಲ್ಲು, ಬಣ್ಣ ಯಾವುದನ್ನೂ ವಿವರಿಸಲಿಲ್ಲ. ಅವರು ಮಾತ್ರೆ ನುಂಗಿ ಕಣ್ಣು ಮುಚ್ಚಿದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವರು ಅವರು.

ಮರುದಿನ ಸಿಸ್ಟರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು, ಬೂದು ಸಾಲುಗಳನ್ನೆಲ್ಲ ಒಂದೊಂದಾಗಿ ಓದಿದೆ. ಹೊಸ ಪಟ್ಟಿಗೆ 'ಮನೆಯಲ್ಲಿ ಸಾವಾಗಿದೆಯೇ' ಎಂಬ ಕಾಲಂ ಸೇರಿಸಿದೆ. ಹೌದು ಅಥವಾ ಇಲ್ಲ. ಅಜ್ಜಿಯ ಸಾಲಿನಲ್ಲಿ ಅಲ್ಲಿ 'ಹೌದು', ಸ್ಥಿತಿಯಲ್ಲಿ 'ಚಿಕಿತ್ಸೆಯಲ್ಲಿ'.

ಒಂಬತ್ತು ವಾರದ ನಂತರ ನರ್ಸ್ ಶ್ರೀನಗರದಿಂದ ಫೋನ್ ಮಾಡಿದಳು. ಕಂಪ್ಯೂಟರ್ ತೆರೆದು ಅದೇ ಸಾಲಿಗೆ ಹೋದೆ. ಅಳಿಸಿದ್ದ 'ನಿಧನ' ಎಂಬ ಪದವನ್ನೇ ಮತ್ತೆ ಬರೆಯಬೇಕಿತ್ತು. ಬರೆಯುವ ಮುಂಚೆ ನರ್ಸನ್ನು ಕೇಳಿದೆ, "ನೀನೇ ನೋಡಿದ್ಯಾ?" ಅವಳು ಹೌದೆಂದಳು. ಸಾಲದೆ, ಇನ್ನೊಂದು ಸಲ ಕೇಳಿದೆ.