ಪರದೆ ಕಪ್ಪಾದ ದಿನ ನಮ್ಮ ನೋಡೋಣಪ್ಪ

ನಮ್ಮ ಕೃತಕ ಕಾಲಿನ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ನೋಡೋಣಪ್ಪ ಎಂದು ಹೆಸರಿಟ್ಟವಳು ನಾನೇ. ಏನು ಕೇಳಿದರೂ ಅವನ ಬಾಯಲ್ಲಿ ಬರುವುದು "ನೋಡೋಣ". ರಜೆ ಬೇಕೇನಪ್ಪ ಎಂದರೆ ನೋಡೋಣ, ಟೀ ಬೇಕೇ ಎಂದರೆ ನೋಡೋಣ. ಹೆಣ್ಣು ನೋಡಲು ಹೋದಾಗಲೂ ಅಷ್ಟೇ ಹೇಳಿ ಎದ್ದು ಬಂದಿದ್ದನಂತೆ. ಅವನ ಹೆಂಡತಿ ಆ ಸಿಟ್ಟನ್ನು ಇನ್ನೂ ಬಿಟ್ಟಿಲ್ಲ.

ನಾನು ಪ್ಲಾಸ್ಟಿಕ್ ಕಾಯಿಸಿ ಅಚ್ಚಿನ ಮೇಲೆ ಎಳೆದು ಕೂರಿಸುವವಳು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಮೊದಲು ಅಚ್ಚನ್ನೂ ಪ್ಲಾಸ್ಟರಿನಲ್ಲಿ ನಾವೇ ಕೆತ್ತುತ್ತಿದ್ದೆವು. ಈಗ ಮೊಂಡುಗಾಲಿನ ಆಕಾರವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಾರೆ. ನೋಡೋಣಪ್ಪ ಅದನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ, ಎಲ್ಲಿ ಮೂಳೆ ಒತ್ತುತ್ತದೋ ಅಲ್ಲಿ ಒಂದಿಷ್ಟು ಜಾಗ ಬಿಡುತ್ತಾನೆ. ಆಮೇಲೆ ಪಕ್ಕದ ಕೋಣೆಯ ಯಂತ್ರ ಫೋಮಿನಲ್ಲಿ ಅಚ್ಚು ಕೊರೆಯುತ್ತದೆ. ಕಂಪ್ಯೂಟರ್ ಯಾರೋ ದಾನ ಕೊಟ್ಟದ್ದು, ಹಳೆಯದು. ಅದರಲ್ಲಿರುವುದು ಎಲ್ಲರ ಹತ್ತಿರ ಇರುವ ವಿಂಡೋಸ್ ಅಲ್ಲ, ಲಿನಕ್ಸ್. ಅದರ ಮರ್ಮ ಬಲ್ಲವನು ನಮ್ಮಲ್ಲಿ ಇವನೊಬ್ಬನೇ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಬಂದಾಗ ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ. ಎದುರಿಗೆ ಪರದೆ ಕಪ್ಪು. ಪೆಟ್ಟಿಗೆಯ ಫ್ಯಾನು ಮಾತ್ರ ತಿರುಗುತ್ತಿತ್ತು.

"ಏನಾಯ್ತೋ?"

"ಅಕ್ಕಾ, ತಪ್ಪು ಮಾಡ್ಬಿಟ್ಟೆ" ಎಂದ. ನೋಡೋಣ ಎನ್ನಲಿಲ್ಲ. ಅದಕ್ಕೇ ನಾನು ಚೀಲವನ್ನೂ ಇಡದೆ ಅವನ ಪಕ್ಕಕ್ಕೆ ಹೋಗಿ ನಿಂತೆ.

ಆಗಿದ್ದು ಇಷ್ಟು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಬಸ್ ಕಂಡಕ್ಟರಮ್ಮನ ಕಾಲಿಗೆ ಅವನು ಮೂರು ದಿನದಿಂದ ಕೆಲಸ ಮಾಡುತ್ತಿದ್ದ. ಮೊಣಕಾಲಿನ ಕೆಳಗೆ ಒಂದು ಮೂಳೆ ಚೂಪಾಗಿತ್ತು. ಹಳೆಯ ಕಾಲು ಅಲ್ಲೇ ತಾಗಿ ಹುಣ್ಣಾಗಿತ್ತು. ಮಾರನೇ ದಿನ ಹತ್ತು ಗಂಟೆಗೆ ಅವಳು ಇಲಾಖೆಯ ಡಾಕ್ಟರ ಮುಂದೆ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ತೋರಿಸಬೇಕು. ಅದು ಕೊನೆಯ ಅವಕಾಶ. ಆಗಲಿಲ್ಲವೆಂದರೆ ಕೆಲಸಕ್ಕೆ ಅನರ್ಹಳು ಎಂದು ಬರೆದು ಕಳಿಸುತ್ತಾರೆ. ಆ ಮೂಳೆಯ ಹತ್ತಿರ ಪರದೆಯ ಚಿತ್ರ ತಡವರಿಸುತ್ತಿತ್ತು, ತಿರುಗಿಸಿದರೆ ತಟ್ಟನೆ ಹಾರುತ್ತಿತ್ತು. ಸರಿಯಾಗಿ ಕಾಣಲೆಂದು ಇವನು ಹಿಂದಿನ ಸಂಜೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ತಯಾರಿಸಿದ ಕಂಪನಿಯವರದೇ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ತಂತ್ರಾಂಶ, ಹಾಕಿದ್ದಾನೆ. ಪಟ್ಟಿಯಲ್ಲಿ ನಾಲ್ಕೈದಿದ್ದವು. ದೊಡ್ಡ ಸಂಖ್ಯೆಯದೇ ಒಳ್ಳೆಯದಿರಬೇಕೆಂದು ಅದನ್ನೇ ಆರಿಸಿ, ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋಗಿದ್ದಾನೆ. ಬೆಳಿಗ್ಗೆ ಹಚ್ಚಿದರೆ ಈ ಕತ್ತಲೆ.

"ಅವಳ ಫೈಲು?"

"ಒಳಗೇ ಇದೆ. ಬೇರೆ ಕಡೆ ಇಟ್ಟಿಲ್ಲ."

ಬೈಯಬೇಕೆನಿಸಿತು. ಬೈದೆ ಕೂಡ. ಅಷ್ಟರಲ್ಲಿ ಮೇಲ್ವಿಚಾರಕರು ಬಂದರು. ಅವರು ಪರದೆ ನೋಡಿದರು, ಗಡಿಯಾರ ನೋಡಿದರು. "ನಿನ್ನೆ ಸಂಜೆ ಕರೆಂಟ್ ಹೋಗಿ ಬಂತಲ್ಲ, ಅದಕ್ಕೇ ಸುಟ್ಟಿದೆ. ಕಂಪ್ಯೂಟರ್ ಅಂಗಡಿಯವನಿಗೆ ಹೇಳ್ತೀನಿ, ಹನ್ನೊಂದಕ್ಕೆ ಬಂದು ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತಾನೆ" ಎಂದರು.

"ಎಲ್ಲಾ ಅಳಿಸೋದು ಬೇಡ ಸಾರ್" ಎಂದ ನೋಡೋಣಪ್ಪ. "ಹನ್ನೊಂದರವರೆಗೆ ಟೈಮ್ ಕೊಡಿ."

ಅವರು ಹೋದ ಮೇಲೆ ಅವನು ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು ಮೇಲಿನ ಸಾಲಿನ ಎಫ್-ಮೂರನ್ನು ಒತ್ತಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಪ್ಪಿನ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿ, ಹೆಸರೇನೆಂದು ಕೇಳಿತು.

"ಸತ್ತಿಲ್ಲ ಅಕ್ಕಾ. ಚಿತ್ರ ತೋರಿಸೋಕೆ ಮಾತ್ರ ಆಗ್ತಿಲ್ಲ. ಬರೀ ಅಕ್ಷರದಲ್ಲಿ ಮಾತಾಡುತ್ತೆ."

ಹೆಸರು ಹೊಡೆದ. ಪಾಸ್‌ವರ್ಡ್ ಹೊಡೆದ. ಅದನ್ನು ಹೊಡೆಯುವಾಗ ಒಂದು ಚುಕ್ಕಿಯೂ ಕಾಣುವುದಿಲ್ಲವಂತೆ. ತಪ್ಪು ಎಂದು ಬಂತು. ಮತ್ತೆ ಹೊಡೆದ. ತಪ್ಪು. ಮೂರನೆಯ ಸಲ ಉಸಿರು ಬಿಗಿಹಿಡಿದು ಒಂದೊಂದೇ ಕೀಲಿ ಒತ್ತಿದ. ತಪ್ಪು.

"ನಾಲ್ಕು ವರ್ಷದಿಂದ ಇದೇ ಪಾಸ್‌ವರ್ಡ್" ಎಂದು ತಲೆಯ ಮೇಲೆ ಕೈಹೊತ್ತು ಕೂತ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಗಡಿಯಾರ ಹತ್ತು ದಾಟಿತ್ತು. ಬಾಗಿಲ ಸಂದಿಯಿಂದ ಕಂಡಕ್ಟರಮ್ಮ ಕಾಣುತ್ತಿದ್ದಳು. ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು.

ನನಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. ಆದರೆ ಆ ಕೀಬೋರ್ಡಿನ ಮೇಲೆ ಕೂರುವ ಫೋಮಿನ ಧೂಳನ್ನು ದಿನಾ ಬ್ರಶ್ಶಿನಿಂದ ಗುಡಿಸುವವಳು ನಾನೇ.

"ಮೂಲೇಲಿ ಒಂದು ಹಸಿರು ದೀಪ ಇರ್ತಿತ್ತಲ್ಲೋ. ಎಲ್ಲಿ ಹೋಯ್ತು?"

ಅವನು ನನ್ನ ಮುಖ ನೋಡಿದ, ಕೀಬೋರ್ಡ್ ನೋಡಿದ. ಅವನ ಪಾಸ್‌ವರ್ಡ್ ಬರೀ ಅಂಕಿಗಳು. ಅದನ್ನು ಯಾವಾಗಲೂ ಬಲಗಡೆಯ ಅಂಕಿಮಣೆಯ ಮೇಲೆ ಹೊಡೆಯುವುದು ಅವನ ರೂಢಿ. ಚಿತ್ರದ ಪರದೆಯಲ್ಲಿ ಅಂಕಿಬೀಗ, ಅಂದರೆ ನಮ್‌ಲಾಕ್, ತಾನಾಗಿ ಹಾಕಿಕೊಳ್ಳುವಂತೆ ಅವನೇ ಮಾಡಿಟ್ಟಿದ್ದ. ಈ ಅಕ್ಷರದ ಪರದೆಯಲ್ಲಿ ಅದು ಹಾಕಿರಲಿಲ್ಲ. ಅಂಕಿ ಎಂದುಕೊಂಡು ಅವನು ಒತ್ತಿದ್ದೆಲ್ಲ ಬಾಣದ ಗುರುತುಗಳಾಗಿ ಹೋಗಿದ್ದವು. ಬೀಗದ ಕೀಲಿ ಒತ್ತಿದ, ಹಸಿರು ದೀಪ ಹತ್ತಿತು. ನಾಲ್ಕನೆಯ ಸಲಕ್ಕೆ ಒಳಗೆ ಬಿಟ್ಟಿತು.

ಆಮೇಲೆ ಅವನು ಅವಸರ ಮಾಡಲಿಲ್ಲ. ಮೊದಲು ಪೆನ್‌ಡ್ರೈವ್ ಸಿಕ್ಕಿಸಿ, ಅದು ಯಾವ ಹೆಸರಿನಲ್ಲಿ ಕಾಣುತ್ತದೆಂದು ಪಟ್ಟಿ ತೆಗೆದು ನೋಡಿ, ಜೋಡಿಸಿ, ಕಂಡಕ್ಟರಮ್ಮನ ಫೈಲನ್ನೂ ಉಳಿದ ಎಂಬತ್ತು ಜನರ ಕಾಲುಗಳನ್ನೂ ನಕಲು ಮಾಡಿಕೊಂಡ. ಬಿಡಿಸಿ ನನ್ನ ಕೈಗೆ ಕೊಟ್ಟ. "ಇಟ್ಕೊಂಡಿರಿ ಅಕ್ಕಾ." ನಾನು ಅದನ್ನು ಮುಷ್ಟಿಯಲ್ಲಿ ಹಿಡಿದವಳು ಮತ್ತೆ ಬಿಡಲಿಲ್ಲ.

ಆಮೇಲೆ ಕಂಪ್ಯೂಟರ್ ಏಳುವಾಗ ತಾನೇ ಬರೆದಿಟ್ಟುಕೊಂಡಿದ್ದ ದಾಖಲೆಯನ್ನು ಓದಿದ. ಅದರಲ್ಲೇ ಸ್ಪಷ್ಟವಾಗಿತ್ತು: ಈ ಕಾರ್ಡ್ ಹಳೆಯದು, ಇದಕ್ಕೆ ಹಳೆಯ ಸಾಲಿನ ಡ್ರೈವರೇ ಬೇಕು, ಈ ಹೊಸದು ಇದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹೊಸದು ಬರುವಾಗ, ಮೊದಲು ಕೆಲಸ ಮಾಡುತ್ತಿದ್ದ ಸಾಧಾರಣ ಡ್ರೈವರನ್ನೂ ಬಾರದಂತೆ ತಡೆದು ಕೂತಿತ್ತು. ತಾನೂ ಮಾಡುವುದಿಲ್ಲ, ಮಾಡುವವರನ್ನೂ ಬಿಡುವುದಿಲ್ಲ. ಅಂಥವರನ್ನು ನಾನೂ ಕಂಡಿದ್ದೇನೆ.

"ಹಳೇದನ್ನ ಹುಡುಕಿ ಹಾಕಲ್ವಾ?"

"ಇವತ್ತು ಬೇಡ. ಇದನ್ನ ಕಿತ್ತು ಹಾಕಿದ್ರೆ ಸಾಧಾರಣದ್ದು ವಾಪಸ್ ಬರುತ್ತೆ. ತಡವರಿಸಿದ್ರೂ ಪರವಾಗಿಲ್ಲ."

ಹೊಸ ಡ್ರೈವರನ್ನು ಬೇರುಸಹಿತ ತೆಗೆಯುವ ಆಜ್ಞೆ ಬರೆದ. ನಿಜವಾಗಿಯೂ ತೆಗೆಯಲೇ ಎಂದು ಅದು ಕೇಳಿತು. ತೆಗೆಯಬೇಕಾದವುಗಳ ಪಟ್ಟಿಯನ್ನು ಎರಡು ಸಲ ಓದಿ ಹೂಂ ಎಂದ. ಸಾಲುಗಳು ಸರಸರನೆ ಓಡಿ ನಿಂತವು. ಯಂತ್ರವನ್ನು ಮರಳಿ ಏಳಿಸಿದ. ಪರದೆ ಕಪ್ಪಾಯಿತು. ಹಾಗೇ ಇತ್ತು. ಹೊರಗೆ ಮೆಟ್ಟಿಲ ಮೇಲೆ ಅಂಗಡಿಯವನ ದನಿ ಕೇಳಿಸಿತು.

ಆಗ ಪರದೆಯ ಮೇಲೆ ನೀಲಿ ಹರಡಿತು.

ನೋಡೋಣಪ್ಪ ಕಣ್ಣೊರೆಸಿಕೊಂಡ. ಆ ತಡವರಿಸುವ ಚಿತ್ರದಲ್ಲೇ ಮೂಳೆಯ ಜಾಗ ಬಿಡಲು ಅವನಿಗೆ ಒಂದೂಕಾಲು ಗಂಟೆ ಹಿಡಿಯಿತು. ಅಂಗಡಿಯವನು ಟೀ ಕುಡಿದು ಹೋದ. ಮಧ್ಯಾಹ್ನ ಅಚ್ಚು ಬಂತು, ನಾನು ಪ್ಲಾಸ್ಟಿಕ್ ಎಳೆದೆ. ಬೆರಳು ಸುಟ್ಟುಕೊಂಡದ್ದು ಆಮೇಲೆ ಗೊತ್ತಾಯಿತು.

ಸಂಜೆ ಆರಕ್ಕೆ ಕಂಡಕ್ಟರಮ್ಮ ಕಾಲು ಹಾಕಿಕೊಂಡು ನಮ್ಮ ಮರದ ಮೆಟ್ಟಿಲು ಹತ್ತಿದಳು, ಇಳಿದಳು. ಮತ್ತೆ ಹತ್ತಿದಳು. ಮುಖ ಕಿವುಚಲಿಲ್ಲ. "ಕರೆಂಟಿನ ದೆಸೆಯಿಂದ ನಿಮ್ಮನ್ನ ದಿನವಿಡೀ ಕೂರಿಸಿದ ಹಾಗಾಯ್ತಮ್ಮ" ಎಂದರು ಮೇಲ್ವಿಚಾರಕರು. ಸುಮ್ಮನಿರು ಎಂದು ನಾನು ನೋಡೋಣಪ್ಪನಿಗೆ ಕಣ್ಣುಸನ್ನೆ ಮಾಡಿದೆ. ಎಲ್ಲರೂ ಕರೆಂಟನ್ನು ಬೈಯುತ್ತಿರುವಾಗ ಇವನಿಗೇಕೆ ಬೇಕು?

"ಕರೆಂಟಲ್ಲ ಸಾರ್" ಎಂದ ಅವನು. "ನಾನು. ನಿನ್ನೆ ವಿಚಾರಿಸದೆ ತಪ್ಪು ಡ್ರೈವರ್ ಹಾಕ್ದೆ. ಅಮ್ಮಾ, ನಿಮ್ಮ ಕಾಲು ಇವತ್ತು ಕೈತಪ್ಪಿ ಹೋಗೋದ್ರಲ್ಲಿತ್ತು. ತಪ್ಪಾಯ್ತು."

ಮೇಲ್ವಿಚಾರಕರ ಮುಖ ಗಂಟಿಕ್ಕಿತು. ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದ ಕಂಡಕ್ಟರಮ್ಮ ಅವನತ್ತ ತಿರುಗಿದಳು.

"ಈ ಕಾಲಿನ ಮೇಲೆ ಲಾರಿ ಹತ್ತಿಸಿದವನು ನಿಲ್ಲಿಸಲೂ ಇಲ್ಲ ಕಣಪ್ಪಾ" ಎಂದಳು. "ಐದು ವರ್ಷ ಆಯ್ತು. ನಾನು ಮಾಡಿದೆ ಅಂತ ನನ್ನ ಮುಂದೆ ನಿಂತು ಹೇಳಿದೋನು ನೀನೇ ಮೊದಲು."

ಅವಳು ಕೈ ಚಾಚಿದಳು. ನೋಡೋಣಪ್ಪ ಆ ಕೈ ಹಿಡಿದು ಅವಳನ್ನು ಮೆಲ್ಲಗೆ ಕೆಳಗಿಳಿಸಿದ.