ಬೀಗದ ಮೇಷ್ಟ್ರು

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಿವಮೂರ್ತಿಯವರು ಕಂಪ್ಯೂಟರ್ ಕಲಿಸುತ್ತಿದ್ದರು. ಸಂಜೆ ಆರರ ತಂಡದಲ್ಲಿ ಶಾಲೆಯ ಮೇಡಂಗಳು, ತಾಲ್ಲೂಕು ಕಚೇರಿಯ ನೌಕರರು, ಒಬ್ಬ ಅಂಚೆಯವರು, ಒಟ್ಟು ಹನ್ನೊಂದು ಜನ. ಮನೆಯಿಂದಲೇ ಬ್ಯಾಂಕ್ ವ್ಯವಹಾರ ಮಾಡುವುದನ್ನು ಆ ತಂಡಕ್ಕೆ ಹೇಳಿಕೊಟ್ಟವರು ಅವರೇ. ಪ್ರತಿ ದಿನ ಪಾಠ ಮುಗಿಸುವಾಗ ಒಂದೇ ಮಾತು: "ಬೀಗದ ಚಿತ್ರ ಅದಾ ನೋಡ್ಕಳಿ. ಬೀಗ ಇದ್ರೆ ಭಯ ಇಲ್ಲ." ಹಾಗಾಗಿ ಊರೆಲ್ಲ ಅವರನ್ನು ಬೀಗದ ಮೇಷ್ಟ್ರು ಎಂದೇ ಕರೆಯಿತು. ಆ ಹೆಸರು ಅವರಿಗೆ ಖುಷಿಯೇ ಆಗಿತ್ತು.

ನಾನು ಅವರನ್ನು ಮೊದಲು ನೋಡಿದ್ದು 2008ರ ಒಂದು ಗುರುವಾರ, ಚಾಮರಾಜನಗರದ ನಮ್ಮ ಬ್ಯಾಂಕ್ ಶಾಖೆಯಲ್ಲಿ. ನಾನು ಅಲ್ಲಿ ಗುಮಾಸ್ತೆ, ಹರದನಹಳ್ಳಿಯ ಶಿವರಂಜಿನಿ. ಬೆಳಿಗ್ಗೆ ಹನ್ನೊಂದಕ್ಕೆ, ಕೌಂಟರಿನ ಮುಂದೆ ಉದ್ದನೆಯ ಸಾಲಿದ್ದಾಗ, ಇಸ್ತ್ರಿ ಅಂಗಿ ತೊಟ್ಟ ಈ ಮನುಷ್ಯ ಒಂದು ಕಾಗದವನ್ನು ಸರಳಿನ ಕೆಳಗಿಂದ ತೂರಿಸಿದರು.

"ಇದು ಬೆಂಗಳೂರಿನ ನಿಮ್ಮ ವಂಚನೆ ತಡೆಯೋ ವಿಭಾಗಕ್ಕೆ ಓಗ್ಬೇಕು ಮೇಡಂ. ನಿಮ್ಮ ಲಾಗಿನ್ ಪೇಜ್ ತರಾನೆ ಯಾರೋ ಒಂದು ಸುಳ್ಳು ಪೇಜ್ ಮಾಡವ್ರೆ."

ಜೊತೆಗೊಂದು ಪ್ರಿಂಟ್ ಇತ್ತು. ನೋಡಿದೆ. ಅದೇ ನೀಲಿ ಪಟ್ಟಿ, ಅದೇ ಗುರುತು, ಅದೇ ಎರಡು ಖಾನೆ. ನಾನು ಒರಟಾಗಿಯೇ ಹೇಳಿಬಿಟ್ಟೆ: "ಇದು ನಮ್ಮದೇ ಪೇಜು. ಇದರಲ್ಲಿ ವಂಚನೆ ಎಲ್ಲಿದೆ? ಸಾಲು ನಿಲ್ಲಿಸಬೇಡಿ."

ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ. ಬ್ಯಾಂಕಿನವಳೇ ಮೋಸಹೋದೆ.

ಅವರು ಪಕ್ಕಕ್ಕೆ ಸರಿದು, ಸಾಲು ಮುಗಿಯುವವರೆಗೆ ಗೋಡೆಗೆ ಒರಗಿ ನಿಂತರು. ಆಮೇಲೆ ಬಂದು ಮೆಲ್ಲಗೆ ಹೇಳಿದರು. ಭೀಮನಬೀಡಿನ ಶಾಲೆಯ ಹೆಡ್ ಮೇಡಂ ಗುರುಮಲ್ಲಮ್ಮ ಇವರ ಸಂಜೆಯ ತಂಡದಲ್ಲಿ ಕಲಿಯುತ್ತಿದ್ದರು. ಹಿಂದಿನ ಸಂಜೆ ಆಕೆ ಖಾತೆ ತೆರೆದು ನೋಡಿದಾಗ, ಹಣ ಕಳಿಸಬಹುದಾದವರ ಪಟ್ಟಿಯಲ್ಲಿ ಆಕೆಗೆ ಗೊತ್ತೇ ಇಲ್ಲದ ಒಂದು ಹೆಸರಿತ್ತು. ನಮ್ಮಲ್ಲಿ ಹೊಸ ಹೆಸರು ಸೇರಿಸಿದರೆ ಒಂದು ದಿನ ಕಾಯಬೇಕು, ಆಮೇಲೆಯೇ ಹಣ ಹೋಗುವುದು. ಆ ಒಂದು ದಿನ ಅವತ್ತು ಸಂಜೆಗೆ ಮುಗಿಯುತ್ತಿತ್ತು.

ಕುರ್ಚಿ ಹಾಕಿಸಿ ಕೂರಿಸಿದೆ. ಪತ್ರವನ್ನು ಈಗ ಸರಿಯಾಗಿ ಓದಿದೆ. ಮೇಷ್ಟ್ರು ಅಲ್ಲವೇ, ಅಕ್ಷರ ಮುತ್ತಿನಂತಿತ್ತು. ಬೇಕಾದದ್ದು ಒಂದೂ ಇರಲಿಲ್ಲ. ಬೇಡವಾದದ್ದು ಮಾತ್ರ ಇತ್ತು: ಸಾಕ್ಷಿಗಿರಲಿ ಎಂದು ಗುರುಮಲ್ಲಮ್ಮನ ಪಾಸ್‌ವರ್ಡನ್ನೇ ಬರೆದಿದ್ದರು. ಅದನ್ನು ಕಾಣದ ಹಾಗೆ ಕಪ್ಪು ಶಾಯಿಯಲ್ಲಿ ಹೊಡೆದು ಹಾಕಿದೆ. "ಯಾವ ಯಾವ ಖಾನೆ ತುಂಬಿದರು ಅಂತ ಬರೆಯಿರಿ. ಏನು ತುಂಬಿದರು ಅಂತ ಬ್ಯಾಂಕಿಗೂ ಹೇಳಬಾರದು."

ಬೆಂಗಳೂರಿಗೆ ಫೋನ್ ಮಾಡಿದೆ. ಆ ವಿಭಾಗದ ಹೆಂಗಸು ಒಂದೊಂದಾಗಿ ಕೇಳಿದಳು, ನಾನು ಇವರನ್ನು ಕೇಳಿದೆ. ಸುಳ್ಳು ಪುಟದ ವಿಳಾಸ, ಒಂದಕ್ಷರವೂ ಬಿಡದೆ. ನೋಡಿದ ದಿನ, ಹೊತ್ತು. ವಿಳಾಸದ ಪಟ್ಟಿಯೂ ಕಾಣುವಂತೆ ಇಡೀ ಪರದೆಯ ಚಿತ್ರ. ಇವರು ತಂದ ಪ್ರಿಂಟಿನಲ್ಲಿ ಪುಟ ಮಾತ್ರ ಇತ್ತು. ಪುಣ್ಯಕ್ಕೆ ವಿಳಾಸವನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಶುರುವಿನಲ್ಲಿ ನಮ್ಮ ಬ್ಯಾಂಕಿನ ಹೆಸರೇ ಇತ್ತು. ಮೊದಲ ಒಂಟಿ ಓರೆಗೀಟಿಗೆ (/) ಮುಂಚೆ, ಕೊನೆಯಲ್ಲಿ, ಯಾವುದೋ ಪರದೇಶಿ ಹೆಸರು.

"ಮುಂದುಗಡೆ ಬ್ಯಾಂಕ್ ಹೆಸ್ರು ನೋಡಿ ಸರಿ ಅಂದ್ಕಂಡೆ," ಎಂದರು.

"ನನ್ನ ಹೆಸರಿನ ಮುಂದೆಯೂ ಹರದನಹಳ್ಳಿ ಇದೆ. ಅದಕ್ಕೆ ಹರದನಹಳ್ಳಿ ನಂದಾಯ್ತಾ? ಆಳು ಯಾರು ಅಂತ ಕೊನೇ ಹೆಸರು ನೋಡಬೇಕು ಮೇಷ್ಟ್ರೆ. ಇಲ್ಲೂ ಹಾಗೇ."

"ಬೀಗ ಇತ್ತು ಮೇಡಂ."

"ಬೀಗ ಎಲ್ಲಿತ್ತು?"

ಪ್ರಿಂಟಿನ ಮೇಲೆ ಬೆರಳಿಟ್ಟರು. ಲಾಗಿನ್ ಖಾನೆಯ ಪಕ್ಕದಲ್ಲಿ, ಪುಟದೊಳಗೇ, ಹಳದಿ ಬಣ್ಣದ ಮುದ್ದಾದ ಬೀಗ. ನಿಜವಾದ ಬೀಗ ಪುಟದಲ್ಲಿರುವುದಿಲ್ಲ, ಬ್ರೌಸರ್ ಕಿಟಕಿಯ ಚೌಕಟ್ಟಿನಲ್ಲಿರುತ್ತದೆ. ಪುಟದೊಳಗೆ ಯಾರು ಬೇಕಾದರೂ ಬೀಗ ಬರೆಯಬಹುದು. ಅದು ಅವರಿಗೂ ಆಗಲೇ ಹೊಳೆದಿತ್ತು, ಪ್ರಿಂಟನ್ನು ಮಗುಚಿ ಹಾಕಿದರು.

"ಪುಟದ ಲಿಂಕ್ ಇದ್ದ ಮೇಲ್ ಬೇಕಂತೆ," ಎಂದೆ. ಗುರುಮಲ್ಲಮ್ಮನಿಗೆ ಬಂದ ಇ-ಮೇಲ್‌ನ ಪ್ರಿಂಟ್ ಕೊಟ್ಟರು. ಎರಡು ದಿನದೊಳಗೆ ವಿವರ ತುಂಬದಿದ್ದರೆ ಖಾತೆ ಮುಚ್ಚುತ್ತೇವೆ ಎಂಬ ಬೆದರಿಕೆ, ಕೆಳಗೆ ಲಿಂಕು. ಆದರೆ ಹಾಳೆ ಗಿಡ್ಡವಾಗಿತ್ತು. ಯಾರು ಕಳಿಸಿದ್ದು ಎಂದು ಇರಬೇಕಾದ ಮೇಲಿನ ನಾಲ್ಕು ಬೆರಳು ಜಾಗವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದರು.

"ಮೇಲಿನ ತುಂಡು ಎಲ್ಲಿ?"

"ಪ್ರಿಂಟರ್‌ನಲ್ಲಿ ಸಿಕ್ಕಾಕಂಡು..."

"ಪ್ರಿಂಟರಿಗೆ ಕತ್ತರಿ ಇರುತ್ತಾ?"

ಫೋನಿನ ಆ ಕಡೆಯವಳು ಕಾಯುತ್ತಿದ್ದಳು. ನಾನು ರಿಸೀವರನ್ನು ಅಂಗೈಯಿಂದ ಮುಚ್ಚಿದೆ.

"ಅದ್ರಲ್ಲಿ ನನ್ನ ಹೆಸ್ರದ ಮೇಡಂ," ಎಂದರು. "ಅದು ಮೊದ್ಲು ಬಂದದ್ದು ನಂಗೆ. ನನ್ನ ತಂಡದೋರು ತೊಂದ್ರೆ ಪಡಬಾರ್ದು ಅಂತ ನಾನೇ ಎಲ್ರಿಗೂ ಕಳಿಸ್ಬುಟ್ಟೆ. ನಾನ್ ನೋಡಿವ್ನಿ, ಬೀಗ ಅದ, ತುಂಬಿ ಅಂತ ಮೇಲೆ ಬರ್ದೂ ಕಳಿಸ್ದೆ."

"ಎಲ್ಲರಿಗೂ ಅಂದರೆ?"

"ಅನ್ನೊಂದ್ ಜನಕ್ಕೂ. ಎಲ್ರ ಖಾತೇನೂ ನಿಮ್ಮ ಬ್ಯಾಂಕ್‌ನಲ್ಲೇ ಅದ."

ನನಗೆ ಸಿಟ್ಟು ನೆತ್ತಿಗೇರಿತು. ಆ ಚೂರು ಕಾಗದ ಉಳಿಸಲು ಈ ಮನುಷ್ಯ ಇನ್ನು ಹತ್ತು ಜನರನ್ನು ಕತ್ತಲಲ್ಲಿ ಬಿಟ್ಟಿದ್ದರು. ಬೈಯಬೇಕೆಂದು ಬಾಯಿ ತೆರೆದೆ. ಗಂಟೆಯ ಹಿಂದೆ ಅದೇ ಪುಟ ನೋಡಿ ನಮ್ಮದೇ ಎಂದ ಬಾಯಿ ಅದು. ಮುಚ್ಚಿಕೊಂಡೆ.

"ನಿಮಗೆ ಬಂದ ಮೂಲ ಮೇಲ್ ಇದೆಯಾ?"

"ಅಳಿಸ್ಬುಟ್ಟಿವ್ನಿ. ಕಸದ ಡಬ್ಬೀಲಿ ಇನ್ನೂ ಅದ."

ಅದೊಂದು ಒಳ್ಳೆಯದಾಗಿತ್ತು. ಮೇಲ್ ಯಾವ ಯಾವ ಕಂಪ್ಯೂಟರ್ ದಾಟಿ ಬಂತು ಎಂಬ ಜಾಡು ಆ ಮೂಲದಲ್ಲೇ ಇರುತ್ತದೆ. ಫಾರ್ವರ್ಡ್ ಮಾಡಿದ್ದರಲ್ಲಿ ಅಳಿದಿರುತ್ತದೆ. ಎದುರಿನ ಬ್ರೌಸಿಂಗ್ ಸೆಂಟರಿಗೆ ಹೋಗಿ ಜಾಡಿರುವ ಆ ತಲೆಬರಹವನ್ನೆಲ್ಲ ನಕಲು ಮಾಡಿಕೊಂಡು, ಹನ್ನೊಂದು ಹೆಸರು ಸೇರಿಸಿ, ಪತ್ರ ಹೊಸದಾಗಿ ಟೈಪ್ ಮಾಡಿ ಬೆಂಗಳೂರಿಗೆ ಕಳಿಸುವಂತೆ ಹೇಳಿದೆ. ಕಳಿಸಿ ಬಂದು ನನಗೊಂದು ಪ್ರತಿ ಕೊಟ್ಟರು. ಗ್ರಾಹಕರು ಆ ಪುಟಕ್ಕೆ ಹೇಗೆ ಹೋದರು ಎನ್ನುವಲ್ಲಿ, ಬೆಳಗಿನ ಪತ್ರದಲ್ಲಿ "ಅಪರಿಚಿತ ಇ-ಮೇಲ್ ಮೂಲಕ" ಎಂದಿತ್ತು. ಈಗ "ನಾನು ಕಳಿಸಿದ ಮೇಲ್ ನೋಡಿ, ನನ್ನ ಮಾತು ನಂಬಿ" ಎಂದಿತ್ತು. ಕೆಳಗೆ ಪೂರ್ತಿ ಹೆಸರು, ಫೋನ್ ನಂಬರು.

ಎರಡೂವರೆಗೆ ಬೆಂಗಳೂರಿನಿಂದ ಫೋನ್ ಬಂತು. ಹನ್ನೊಂದೂ ಜನರ ಇಂಟರ್ನೆಟ್ ಖಾತೆಗೆ ತಡೆ ಹಾಕಿದ್ದರು. ಇನ್ನೂ ಮೂವರ ಪಟ್ಟಿಯಲ್ಲಿ ಅದೇ ಅಪರಿಚಿತ ಹೆಸರು ಸೇರಿಕೊಂಡಿತ್ತಂತೆ. ಹಣ ಯಾರದೂ ಹೋಗಿರಲಿಲ್ಲ.

ಮೇಷ್ಟ್ರು ಮುಖ ಒರೆಸಿಕೊಂಡರು. ಸಮಾಧಾನವಾಗಿರಲಿಲ್ಲ, ನಾಚಿಕೆಯಿಂದ ಕುಗ್ಗಿಹೋಗಿದ್ದರು. ತಂಡದವರಿಗೆ ತಾವೇ ಹೇಳಬೇಕೆಂದು ಮೊಬೈಲ್ ತೆಗೆದು ಮೊದಲು ಗುರುಮಲ್ಲಮ್ಮನಿಗೆ ಮಾಡಿದರು. ತಪ್ಪು ಒಪ್ಪಿಕೊಂಡರು. ಖಾತೆ ತಡೆದಿದ್ದಾರೆ, ಶಾಖೆಗೆ ಬಂದು ಹೊಸ ಪಾಸ್‌ವರ್ಡ್ ತಗೊಳ್ಳಿ ಎಂದರು. ಆಕೆಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. ಆಕೆ ಬೈಯಲಿಲ್ಲ.

"ಮೇಷ್ಟ್ರೆ, ನೀವ್ ಏಳ್ದ್ರಿ ಅಂತಾನೆ ಅವತ್ತು ತುಂಬ್ದೆ. ಇವತ್ತೂ ನೀವೇ ಏಳ್ತಿದ್ದೀರಿ. ನಾನ್ ಎಂಗ್ ನಂಬದು?"

ಮೇಷ್ಟ್ರು ನೆಲ ನೋಡುತ್ತಾ ಹೇಳಿದರು: "ನಂಬ್ಬೇಡಿ. ಪಾಸ್‌ಬುಕ್‌ನಲ್ಲಿ ಬ್ಯಾಂಕ್ ನಂಬರ್ ಅದ. ಅದಕ್ಕೆ ನೀವೇ ಮಾಡಿ ಕೇಳಿ."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಫೋನ್ ಹೊಡೆದುಕೊಂಡಿತು.

"ಅಲ್ಲಿ ಶಿವಮೂರ್ತಿ ಅಂತ ಯಾರಾದ್ರೂ ಕೂತವ್ರಾ?" ಎಂದು ಆಕೆ ಕೇಳಿದರು.

ಎದುರಿನ ಕುರ್ಚಿಯಲ್ಲಿ ಅವರು ತಲೆ ಎತ್ತದೆ ಕೂತಿದ್ದರು. ಇದ್ದಾರೆ, ಅವರು ಹೇಳಿದ್ದು ನಿಜ ಎಂದೆ.